ತಿಂಗಳ ಖರ್ಚಿನ ಮೊತ್ತ ಶೀಟ್‌ನಲ್ಲಿ ಏಕೆ ತಪ್ಪಾಗಿ ಬರುತ್ತದೆ?

ಪ್ರಶ್ನೆ: ಮನೆಖರ್ಚನ್ನೆಲ್ಲ ಮೊಬೈಲ್ ನೋಟ್ಸ್‌ನಲ್ಲಿ ಬರೆದಿಡುತ್ತೇನೆ. ಅದನ್ನು ಗೂಗಲ್ ಶೀಟ್ಸ್‌ಗೆ ಹಾಕಿ ಕೂಡಿಸಿದರೆ ಹದಿನೆಂಟು ಸಾವಿರ ಬರಬೇಕಾದ ಕಡೆ ಆರು ಸಾವಿರ ಬರುತ್ತಿದೆ. ಬಾಬತ್ತುವಾರು ಸರಿಯಾದ ಲೆಕ್ಕ ಮಾಡುವುದು ಹೇಗೆ?

ಉತ್ತರ: ನಿಮ್ಮ ನೋಟ್ಸ್ ಬಹುಶಃ ಹೀಗಿರುತ್ತದೆ:

```
ಬಾಡಿಗೆ 12,000/-
ಹಾಲು 26x30
ದಿನಸಿ 3450
ಕರೆಂಟ್ 1140 ರೂ
ತರಕಾರಿ 250+180
ಎಟಿಎಂ 2000
ಆಟೊ 160
ಔಷಧಿ 612.50
```

ಹಣದ ಭಾಗವನ್ನು ಒಂದು ಕಾಲಂಗೆ ಹಾಗೇ ಹಾಕಿದರೆ ಶೀಟ್ ಸಂಖ್ಯೆ ಎಂದು ಗುರುತಿಸುವುದು 3450, 2000, 160 ಮತ್ತು 612.50 ಇಷ್ಟನ್ನೇ. ‘/-’, ‘ರೂ’, ‘x’ ಇರುವುದೆಲ್ಲ ಅದಕ್ಕೆ ಬರೀ ಅಕ್ಷರ. ಮುಂದೆ ಸಮ ಚಿಹ್ನೆ ಇಲ್ಲದ 250+180 ಕೂಡ ಅಷ್ಟೇ. SUM ಅಕ್ಷರಗಳನ್ನು ಸದ್ದಿಲ್ಲದೆ ಬಿಟ್ಟು ಕೂಡುತ್ತದೆ, ತಪ್ಪು ಎಂದು ಹೇಳುವುದೂ ಇಲ್ಲ. ಹಾಗಾಗಿ 6,222.50 ಬರುತ್ತದೆ. ಕಣ್ಣಳತೆಯಲ್ಲೇ ಇದನ್ನು ಹಿಡಿಯಬಹುದು: ನೀವಾಗಿ ಬದಲಿಸಿರದಿದ್ದರೆ ಸಂಖ್ಯೆ ಕೋಶದ ಬಲಕ್ಕೆ ಅಂಟಿರುತ್ತದೆ, ಅಕ್ಷರ ಎಡಕ್ಕೆ.

ಮೊದಲು File → Settings ಒಳಗೆ Locale ಅನ್ನು India ಮಾಡಿ. ಇಲ್ಲದಿದ್ದರೆ 5/6 ಎಂಬುದು ಜೂನ್ 5ರ ಬದಲು ಮೇ 6 ಆಗಿ ಕೂರಬಹುದು. ಆಮೇಲೆ ನಾಲ್ಕೇ ಕಾಲಂ ಸಾಕು: A ದಿನಾಂಕ, B ವಿವರ, C ಬಾಬತ್ತು, D ಮೊತ್ತ. ಪುಸ್ತಕದ ಲೆಕ್ಕದ ಹಾಗೆ ಪ್ರತಿ ಬಾಬತ್ತಿಗೂ ಬೇರೆ ಕಾಲಂ ಹಾಕುವ ಆಸೆಯಾಗುತ್ತದೆ. ಆದರೆ ಹೊಸ ಬಾಬತ್ತು ಬಂದಾಗಲೆಲ್ಲ ಹಾಳೆಯನ್ನೇ ತಿದ್ದಬೇಕಾಗುತ್ತದೆ, ಮೊತ್ತ ಪಕ್ಕದ ಕಾಲಂಗೆ ಜಾರಿದರೂ ಗೊತ್ತಾಗುವುದಿಲ್ಲ.

D ಕಾಲಂನಲ್ಲಿ ಅಂಕಿ ಬಿಟ್ಟು ಬೇರೇನೂ ಇರಬಾರದು. ಹಾಲಿಗೆ =26*30, ತರಕಾರಿಗೆ =250+180 ಎಂದು ಬರೆದರೆ ಲೆಕ್ಕವೂ ಆಗುತ್ತದೆ, ಮೊತ್ತ ಹೇಗೆ ಬಂತೆಂಬ ಗುರುತೂ ಉಳಿಯುತ್ತದೆ. ಎಟಿಎಂ ಸಾಲನ್ನು ತೆಗೆದುಹಾಕಿ. ಆ 2000 ನಿಮ್ಮ ಖಾತೆಯಿಂದ ನಿಮ್ಮ ಜೇಬಿಗೆ ಬಂದ ಹಣ. ಅದರಿಂದಲೇ ಕೊಟ್ಟ ಆಟೊ ಬಾಡಿಗೆ, ತರಕಾರಿ ದುಡ್ಡು ಆಗಲೇ ಬೇರೆ ಸಾಲಿನಲ್ಲಿದೆ. ಕ್ರೆಡಿಟ್ ಕಾರ್ಡ್ ಬಿಲ್ಲಿಗೂ ಇದೇ ನಿಯಮ: ಕೊಂಡ ದಿನ ಬರೆದಿದ್ದರೆ ಬಿಲ್ ಕಟ್ಟಿದ ದಿನ ಮತ್ತೆ ಬರೆಯುವಂತಿಲ್ಲ. ಅಂಗಡಿಯವರು ವಾಪಸ್ ಕೊಟ್ಟ ಹಣವನ್ನು ಅದೇ ಬಾಬತ್ತಿನಲ್ಲಿ -200 ಎಂದು ಹೊಸ ಸಾಲಾಗಿ ಹಾಕಿ.

ಬಾಬತ್ತು ಐದಾರು ಇದ್ದರೆ ಚೆನ್ನ. ಈ ಪಟ್ಟಿಗೆ ಮನೆ, ಅಡುಗೆ, ಓಡಾಟ, ಆರೋಗ್ಯ ಸಾಕು. ಅವನ್ನು F2ರಿಂದ F5ರವರೆಗೆ ಬರೆದು, C ಕಾಲಂಗೆ Data → Data validation ಮೂಲಕ ಅದೇ ಪಟ್ಟಿಯ ಡ್ರಾಪ್‌ಡೌನ್ ಕೊಡಿ. ಕೈಯಲ್ಲಿ ಟೈಪ್ ಮಾಡಿದರೆ ಒಮ್ಮೆ ‘ಓಡಾಟ’, ಇನ್ನೊಮ್ಮೆ ‘ಒಡಾಟ’ ಆಗುತ್ತದೆ. ಶೀಟ್‌ಗೆ ಅವು ಎರಡು ಬೇರೆ ಹೆಸರು. ಪದದ ಕೊನೆಯಲ್ಲಿ ಉಳಿದ ಒಂದು ಸ್ಪೇಸ್ ಇನ್ನೂ ಕೆಟ್ಟದ್ದು, ಅದು ಕಾಣುವುದೂ ಇಲ್ಲ.

₹ ಚಿಹ್ನೆಯನ್ನು ಟೈಪ್ ಮಾಡುವ ಬದಲು D ಮತ್ತು G ಕಾಲಂ ಆರಿಸಿ Format → Number → Custom number format ನಲ್ಲಿ ಇದನ್ನು ಹಾಕಿ:

```
[>=10000000]"₹"##\,##\,##\,##0.00;[>=100000]"₹"##\,##\,##0.00;"₹"##,##0.00
```

ಇದರಿಂದ ವರ್ಷದ ಮೊತ್ತ ಲಕ್ಷ ದಾಟಿದರೂ 222,870 ಎಂದಾಗದೆ ₹2,22,870.00 ಎಂದೇ ಕಾಣುತ್ತದೆ. ಪೈಸೆಯನ್ನು ಮರೆಮಾಡಬೇಡಿ. ಮರೆಮಾಡಿದರೆ ಕಾಣುವ ಅಂಕಿಗಳನ್ನು ಕೈಯಲ್ಲಿ ಕೂಡಿದಾಗ ಕೆಲವೊಮ್ಮೆ ಒಂದು ರೂಪಾಯಿ ಹೆಚ್ಚುಕಡಿಮೆಯಾಗಿ, ಇಲ್ಲದ ತಪ್ಪನ್ನು ಹುಡುಕುತ್ತಾ ಕೂರಬೇಕಾಗುತ್ತದೆ. ಇನ್ನೊಂದು ಮಾತು: ಫಾರ್ಮ್ಯಾಟ್ ಬದಲಿಸುವುದು ತೋರಿಕೆಯನ್ನಷ್ಟೇ. ‘1140 ರೂ’ ಅದರಿಂದ ಸಂಖ್ಯೆಯಾಗುವುದಿಲ್ಲ.

ಒಟ್ಟು ಮೊತ್ತವನ್ನು ಪಟ್ಟಿಯ ಅಡಿಯಲ್ಲಿ ಬರೆಯಬೇಡಿ, ಅದರ ಕೆಳಗೆ ಸೇರಿಸಿದ ಸಾಲು ಲೆಕ್ಕದಿಂದ ಹೊರಗುಳಿಯುತ್ತದೆ. ಪಕ್ಕದ G ಕಾಲಂನಲ್ಲಿರಲಿ. G2ರಲ್ಲಿ ಮೊದಲ ಸೂತ್ರ ಹಾಕಿ G5ರವರೆಗೆ ಎಳೆಯಿರಿ. ಉಳಿದ ಮೂರು ಕ್ರಮವಾಗಿ G6, G7, G8ಕ್ಕೆ:

```
=SUMIF(C:C,F2,D:D)
=SUM(D2:D)
=G6-SUM(G2:G5)
=COUNTA(D2:D)-COUNT(D2:D)
```

ನಮ್ಮ ಉದಾಹರಣೆಯಲ್ಲಿ ಬಾಡಿಗೆ, ಕರೆಂಟ್ ಸೇರಿ ಮನೆಗೆ ₹13,140.00; ಹಾಲು, ದಿನಸಿ, ತರಕಾರಿ ಸೇರಿ ಅಡುಗೆಗೆ ₹4,660.00, ಓಡಾಟ ₹160.00, ಆರೋಗ್ಯ ₹612.50. ಒಟ್ಟು ₹18,572.50. G7, G8 ಎರಡೂ ಸೊನ್ನೆ ಇರಬೇಕು. G7 ಸೊನ್ನೆಯಲ್ಲದಿದ್ದರೆ ಅಷ್ಟು ಹಣಕ್ಕೆ ಬಾಬತ್ತು ಇಲ್ಲ, ಅಥವಾ ಬಾಬತ್ತಿನ ಹೆಸರು ಪಟ್ಟಿಯದಲ್ಲ. ವ್ಯತ್ಯಾಸ 160 ಎಂದಿದ್ದರೆ ಮೊದಲು ಆಟೊ ಸಾಲನ್ನೇ ನೋಡಿ. G8ರಲ್ಲಿ 1 ಬಂದರೆ D ಕಾಲಂನಲ್ಲಿ ಎಲ್ಲೋ ಒಂದು ‘/-’ ಉಳಿದಿದೆ. ಎಟಿಎಂನಂಥ ಎರಡೆರಡು ಬಾರಿಯ ಲೆಕ್ಕವನ್ನು ಮಾತ್ರ ಈ ಎರಡೂ ಹಿಡಿಯುವುದಿಲ್ಲ. ಅದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಟಿಕ್ ಹಾಕಲೇಬೇಕು.