ಸ್ನೇಹ ಸಮ್ಮೇಳನದ ಆಮಂತ್ರಣ: ಪಾಲಕರಿಗೆ ಬರೆಯುವುದು ಹೇಗೆ?

ಬಿ.ಎಡ್. ಗೆಳೆಯ ಗೆಳತಿಯರಿಗಾಗಿ ಈ ಟಿಪ್ಪಣಿ. ಇಂಟರ್ನ್‌ಶಿಪ್‌ಗೆಂದು ಗದಗ ತಾಲ್ಲೂಕಿನ ಹಳ್ಳಿಯೊಂದರ ಹಿರಿಯ ಪ್ರಾಥಮಿಕ ಶಾಲೆಗೆ ಹೋದ ನನಗೆ ಮುಖ್ಯ ಗುರುಗಳು ಮೊದಲ ವಾರವೇ ವಾರ್ಷಿಕ ಸ್ನೇಹ ಸಮ್ಮೇಳನದ ಆಮಂತ್ರಣ ಬರೆಯುವ ಕೆಲಸ ಹಚ್ಚಿದರು. ಹಿಂದಿನ ವರ್ಷದ ಪತ್ರಿಕೆಯನ್ನು ಕೈಗೆ ಕೊಟ್ಟು, “ತಾರೀಖು ಬದಲಿಸಿದರೆ ಆಯಿತು ನೋಡಿರಿ” ಎಂದರು. ಅಷ್ಟಕ್ಕೆ ಮುಗಿಯಲಿಲ್ಲ.

ಹಳೆಯ ಪತ್ರಿಕೆ ನಮ್ಮ ಕಡೆ ಎಲ್ಲರೂ ನೋಡಿರುವ ಬಗೆಯದೇ. ದಿವ್ಯ ಸಾನ್ನಿಧ್ಯ, ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು ಎಂದು ಹನ್ನೊಂದು ಹೆಸರುಗಳು ಮುಕ್ಕಾಲು ಪುಟ ತುಂಬಿದ್ದವು. ಸಮಯ ಸಂಜೆ 4 ಗಂಟೆ ಎಂದು ಒಂದೇ ಕಡೆ ಇತ್ತು. ತಳದಲ್ಲಿ ಸಣ್ಣಕ್ಷರದಲ್ಲಿ “ನಂತರ ಶಾಲಾ ಮಕ್ಕಳಿಂದ ವಿವಿಧ ಮನರಂಜನಾ ಕಾರ್ಯಕ್ರಮಗಳು ಜರುಗುವವು” ಎಂದು, ಅದರ ಕೆಳಗೆ “ಸೂಚನೆ: ಗದ್ದಲ ಮಾಡಬಾರದು. ಮೀಸಲು ಆಸನಗಳಲ್ಲಿ ಕೂಡಬಾರದು. ಮೊಬೈಲ್ ನಿಷೇಧಿಸಲಾಗಿದೆ” ಎಂದು ಅಚ್ಚಾಗಿತ್ತು. ಒಂದನೆಯ ತರಗತಿಯ ಮಗುವಿನ ತಾಯಿಗೆ ತಿಳಿಯಬೇಕಾದದ್ದು ಒಂದೇ ಒಂದು ವಿಷಯ: ನನ್ನ ಮಗಳು ಎಷ್ಟು ಹೊತ್ತಿಗೆ ವೇದಿಕೆ ಹತ್ತುತ್ತಾಳೆ? ಅದು ಆ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ.

ಹಾಗಾಗಿ ಮೊದಲು ಮಾಡಿದ್ದು ಪತ್ರಿಕೆಯನ್ನು ಎರಡಾಗಿ ಒಡೆಯುವುದು. ಅತಿಥಿಗಳಿಗೆ ಒಂದು ಪತ್ರ, ಪಾಲಕರಿಗೆ ಒಂದು ಹಾಳೆ. ಇಬ್ಬರಿಗೂ ಒಂದೇ ಕಾಗದ ಕೊಟ್ಟರೆ ಅದು ಅತಿಥಿಗಳ ಹೆಸರಿನ ಪಟ್ಟಿಯಾಗಿ ಉಳಿಯುತ್ತದೆ, ಮನೆಯವರು ಅದನ್ನು ಓದದೆ ಗೋಡೆಯ ಗೂಡಿನಲ್ಲಿ ಇಡುತ್ತಾರೆ. ಅತಿಥಿಗಳ ಪತ್ರ ಸುಲಭ. ಎಷ್ಟು ಹೊತ್ತಿಗೆ ತಲುಪಬೇಕು, ಯಾರು ಎದುರುಗೊಳ್ಳುತ್ತಾರೆ, ವಾಹನ ಎಲ್ಲಿ ನಿಲ್ಲಿಸಬೇಕು, ಎಷ್ಟು ನಿಮಿಷ ಮಾತನಾಡಬೇಕು ಎಂಬ ನಾಲ್ಕು ವಿಷಯ ಸಾಕು. ಕೊನೆಯದನ್ನು ಬರೆಯಲು ಎಲ್ಲರಿಗೂ ಸಂಕೋಚ. “ಮಕ್ಕಳಿಗೆ ತಾವು ಐದು ನಿಮಿಷ ಹಿತವಚನ ಹೇಳಬೇಕೆಂದು ನಮ್ಮ ಆಸೆ” ಎಂದು ಬರೆದೆ. ಐದು ನಿಮಿಷದ ಮಾತು ಮುಟ್ಟಿತು, ಯಾರಿಗೂ ಬೇಸರವಾಗಲಿಲ್ಲ. ಇನ್ನು ಮುಂದೆ ಪಾಲಕರ ಹಾಳೆಯ ಮಾತು. (ಮೈಸೂರು ಕಡೆಯ ಮಾದರಿಗಳಲ್ಲಿ “ಪೋಷಕರು” ಎಂದಿರುತ್ತದೆ. ನಮ್ಮಲ್ಲಿ ಶಾಲೆಯೂ ಊರೂ ಹೇಳುವುದು “ಪಾಲಕರು”. ಅದನ್ನೇ ಇಟ್ಟುಕೊಂಡೆ.)

ವೇಳೆ

ವೇಳಾಪಟ್ಟಿ ಬರೆಯುವ ಮೊದಲು ಕೂಡಿಸಿ ನೋಡಬೇಕು. ಹಳೆಯ ಲೆಕ್ಕ ಹೀಗಿತ್ತು: ಹನ್ನೊಂದು ಜನ, ತಲಾ ಐದು ನಿಮಿಷ ಮಾತು, ಎರಡು ನಿಮಿಷ ಶಾಲು ಮತ್ತು ಹಾರ. ಅಲ್ಲಿಗೇ 77 ನಿಮಿಷ. ಸ್ವಾಗತ, ವರದಿ ವಾಚನ, ಬಹುಮಾನ ವಿತರಣೆ ಇನ್ನೂ ಉಳಿದಿವೆ. ಹಿಂದಿನ ವರ್ಷ ಒಂದನೆಯ ತರಗತಿಯ ಮಕ್ಕಳು ನವಿಲಿನ ವೇಷದಲ್ಲಿಯೇ ಜಮಖಾನದ ಮೇಲೆ ನಿದ್ದೆ ಹೋಗಿದ್ದರಂತೆ. ಆ ಸಂಜೆ ಎಬ್ಬಿಸಿ ಕುಣಿಸಿದ ಗುರುಮಾತೆಯೇ ಈ ಕತೆ ಹೇಳಿದರು.

ಹೊಸ ಲೆಕ್ಕದಲ್ಲಿ ಮಾತನಾಡುವವರು ಮೂವರೇ. ಉಳಿದವರ ಹೆಸರು ಪತ್ರಿಕೆಯಲ್ಲಿ ಇರುತ್ತದೆ, ಗೌರವ ವೇದಿಕೆಯಲ್ಲಿ ಸಲ್ಲುತ್ತದೆ, ಮೈಕು ಮಾತ್ರ ಅವರ ಕೈಗೆ ಹೋಗುವುದಿಲ್ಲ. ನಾಡಗೀತೆಗೆ 2022ರ ಸರ್ಕಾರಿ ಆದೇಶದಂತೆ 2 ನಿಮಿಷ 30 ಸೆಕೆಂಡು. ಉದ್ಘಾಟನೆಯಿಂದ ಬಹುಮಾನ ವಿತರಣೆಯವರೆಗೆ ಎಲ್ಲ ಸೇರಿ ಒಂದು ತಾಸು ಇಟ್ಟೆವು. ಮಕ್ಕಳ ಕಾರ್ಯಕ್ರಮಗಳು ಹದಿನಾಲ್ಕು. ಒಂದು ಹಾಡಿಗೆ ನಾಲ್ಕು ನಿಮಿಷ, ಇಳಿದು ಹತ್ತುವುದಕ್ಕೆ ಎರಡು ನಿಮಿಷ ಎಂದರೆ ಒಟ್ಟು 84 ನಿಮಿಷ. ಈ ಎರಡು ನಿಮಿಷಗಳನ್ನು ಎಲ್ಲರೂ ಮರೆಯುತ್ತಾರೆ. ಮರೆತರೆ ಹದಿನಾಲ್ಕು ಕಾರ್ಯಕ್ರಮಕ್ಕೆ ಅರ್ಧ ತಾಸು ತಪ್ಪುತ್ತದೆ, ಪತ್ರಿಕೆಯಲ್ಲಿ ಬರೆದ ವೇಳೆಯನ್ನು ಮುಂದಿನ ವರ್ಷ ಯಾರೂ ನಂಬುವುದಿಲ್ಲ. ಕೊನೆಗೆ ಕಾಲು ತಾಸು ಸಡಿಲ ಬಿಟ್ಟು 7.15ಕ್ಕೆ ಮುಕ್ತಾಯ ಎಂದು ಗೊತ್ತುಮಾಡಿದೆವು. ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಹಚ್ಚಬಾರದೆಂಬ ನಿಯಮವೇನೋ ಇದೆ. ಆದರೆ ಹಳ್ಳಿಯಲ್ಲಿ ನಿಜವಾದ ಗಡುವು ಪಕ್ಕದ ಊರಿಗೆ ಹೋಗುವ ಕೊನೆಯ ಬಸ್ಸು. ಅದರ ವೇಳೆಯನ್ನು ಕಂಡಕ್ಟರನ್ನೇ ಕೇಳಿ ಬರೆದುಕೊಂಡೆ.

ಇಷ್ಟೆಲ್ಲ ಲೆಕ್ಕ ಹಾಳೆಗೆ ಬೇಡ. ಪಾಲಕರಿಗೆ ಬೇಕಾದುವು ನಾಲ್ಕು ವೇಳೆಗಳು: ಮಗುವನ್ನು ಕಳುಹಿಸುವುದು, ಆರಂಭ, ತಮ್ಮ ಮಗುವಿನ ತರಗತಿಯ ಸರದಿ, ಮುಕ್ತಾಯ. “ಪ್ರಾಸ್ತಾವಿಕ ನುಡಿ 4.41” ಎಂಬಂತಹ ನಿಮಿಷಗಳು ನಿರೂಪಣೆ ಮಾಡುವವರ ಚೀಟಿಯಲ್ಲಿ ಇರಲಿ. ಚಿಕ್ಕ ತರಗತಿಗಳ ಆರು ಕಾರ್ಯಕ್ರಮ ಮೊದಲು ಬಂದುದರಿಂದ ನಿದ್ದೆಯ ಸಮಸ್ಯೆಯೂ ತೀರಿತು.

ಆಸನ

ಶಾಲೆಯಲ್ಲಿ 180 ಮಕ್ಕಳು. ಬಾಡಿಗೆಗೆ ತಂದದ್ದು 240 ಕುರ್ಚಿ. ನಡುವೆ ದಾರಿ ಬಿಟ್ಟು ಆಚೆ ಎಂಟು ಈಚೆ ಎಂಟು ಇಟ್ಟರೆ ಹದಿನೈದು ಸಾಲು. ಮನೆಗೆ ಇಬ್ಬರು ಬಂದರೂ ಕುರ್ಚಿ ಸಾಲದು, ಅಜ್ಜ ಅಜ್ಜಿ ಬಂದೇ ಬರುತ್ತಾರೆ. ಇಂತಹ ಕಡೆ “ಎಲ್ಲರಿಗೂ ಆಸನದ ವ್ಯವಸ್ಥೆ ಇದೆ” ಎಂದು ಬರೆಯುವುದು ಸುಳ್ಳು, “ಆಸನಗಳು ಸೀಮಿತ” ಎಂದು ಬರೆಯುವುದು ಒರಟು. ಯಾರಿಗೆ ಕುರ್ಚಿ ಮೊದಲು ಎಂದು ಹೇಳಿಬಿಟ್ಟರೆ ಎರಡೂ ತಪ್ಪುತ್ತವೆ. ಅಜ್ಜ ಅಜ್ಜಿಯರಿಗೆ ಮತ್ತು ಕೈಗೂಸಿನ ತಾಯಂದಿರಿಗೆ ಎರಡನೆಯ, ಮೂರನೆಯ ಸಾಲು ಎಂದ ಮೇಲೆ ಅಲ್ಲಿ ಹೋಗಿ ಕೂಡುವ ಗಟ್ಟಿ ಆಳು ನಮ್ಮೂರಲ್ಲಿ ಹುಟ್ಟಿಲ್ಲ. ಹುಟ್ಟಿದ್ದರೂ ಪಕ್ಕದ ಅಜ್ಜಿ ಎಬ್ಬಿಸುತ್ತಾಳೆ.

ಆಸನದ ಗದ್ದಲಕ್ಕೆ ಮೂಲ ಕುರ್ಚಿಯೇ ಅಲ್ಲ, ಮೊಬೈಲು. ತನ್ನ ಮಗು ಕುಣಿಯುವಾಗ ವಿಡಿಯೊ ಮಾಡಲು ತಂದೆ ಎದ್ದು ಮುಂದೆ ಬರುತ್ತಾನೆ, ಅವನ ಬೆನ್ನು ಇಪ್ಪತ್ತು ಜನರಿಗೆ ಅಡ್ಡ, ಅವರೂ ಏಳುತ್ತಾರೆ. ಮೊಬೈಲ್ ನಿಷೇಧ ಎಂದು ಬರೆದರೆ ಯಾರೂ ಪಾಲಿಸುವುದಿಲ್ಲ. ಪಾಲಿಸಲೂ ಬಾರದು, ಆ ವಿಡಿಯೊ ದುಡಿಯಲು ಗೋವಾಕ್ಕೆ ಹೋದ ಚಿಕ್ಕಪ್ಪನಿಗೆ ತಲುಪಬೇಕಾದದ್ದು. ವೇದಿಕೆಯ ಎಡಬದಿಯಲ್ಲಿ ಸುಣ್ಣದ ಗೆರೆ ಹಾಕಿ ಫೋಟೊ ಜಾಗ ಎಂದು ಮಾಡಿದೆವು. ಈಗ ಪತ್ರಿಕೆಯಲ್ಲಿ “ಬೇಡ” ಎನ್ನುವ ಬದಲು “ಇಲ್ಲಿ ಬನ್ನಿ” ಎನ್ನಬಹುದಾಯಿತು.

ವಿನಂತಿಯ ವಾಕ್ಯ

ನಾನು ಹೆಚ್ಚು ಹೊತ್ತು ಕಳೆದದ್ದು ಇಲ್ಲಿ. ಒಂದೇ ಮಾತನ್ನು ಮೂರು ಬಗೆಯಲ್ಲಿ ಬರೆದು ನೋಡಿ. “ಮುಂದಿನ ಸಾಲಿನಲ್ಲಿ ಕೂಡಬಾರದು” ಎಂದರೆ ಗದರಿಕೆ. “ಮುಂದಿನ ಸಾಲಿನಲ್ಲಿ ಕೂಡದಂತೆ ವಿನಂತಿಸಲಾಗಿದೆ” ಎಂದರೆ ಗದರಿಕೆ ಹೋಯಿತು, ಕೇಳುವವರೂ ಹೋದರು. “ಲಾಗಿದೆ” ಎಂಬ ರೂಪದಲ್ಲಿ ಕರ್ತೃವಿಲ್ಲ, ಅದು ಕಚೇರಿಯ ಫಲಕದ ಭಾಷೆ. “ಮುಂದಿನ ಸಾಲು ಅತಿಥಿಗಳಿಗೆ ಇರುವುದರಿಂದ ನೀವು ನಾಲ್ಕನೆಯ ಸಾಲಿನಿಂದ ಕುಳಿತುಕೊಳ್ಳಿ” ಎಂದಾಗ ಕಾರಣ ಮೊದಲು ಬರುತ್ತದೆ, ಕ್ರಿಯಾಪದ ಕೊನೆಗೆ. ಓದುವವರು ವಿನಂತಿಗೆ ತಲುಪುವ ಹೊತ್ತಿಗೆ ಅರ್ಧ ಒಪ್ಪಿರುತ್ತಾರೆ. ಕನ್ನಡದ ವಾಕ್ಯಕ್ಕೆ ಈ ಅನುಕೂಲ ಹುಟ್ಟಿನಿಂದಲೇ ಇದೆ. “ದಯವಿಟ್ಟು” ಒಂದೇ ಸಲ ಸಾಕು. ಪ್ರತಿ ಸಾಲಿಗೂ ಹಚ್ಚಿದರೆ ಬೇಸರವನ್ನು ಹಲ್ಲು ಕಚ್ಚಿ ತಡೆದವರ ಮಾತಿನಂತೆ ಕೇಳುತ್ತದೆ.

ಎಲ್ಲಕ್ಕಿಂತ ನಾಜೂಕಾದದ್ದು ನೋಟಿನ ವಿಷಯ. ಮಗು ಕುಣಿಯುವಾಗಲೇ ಸೋದರಮಾವ ವೇದಿಕೆ ಹತ್ತಿ ನೂರು ರೂಪಾಯಿ ಕೊಡುತ್ತಾನೆ, ಹೆಸರನ್ನು ಮೈಕಿನಲ್ಲಿ ಕೂಗಿಸುತ್ತಾನೆ. ಹಾಡು ನಿಲ್ಲುತ್ತದೆ. ಮಾವನಿಲ್ಲದ ಮಗು ಪಕ್ಕದಲ್ಲಿ ನಿಂತು ನೋಡುತ್ತಿರುತ್ತದೆ. ಆದರೆ ಅದು ಪ್ರೀತಿಯಿಂದ ಕೊಟ್ಟದ್ದು, “ಹಣ ಕೊಡಬಾರದು” ಎಂದು ಅಚ್ಚು ಹಾಕಿದರೆ ಕೊಟ್ಟವನಿಗೆ ಅವಮಾನ. ಮುಖ್ಯ ಗುರುಗಳೂ ನಾನೂ ಎರಡು ದಿನ ತಿದ್ದಿದ ವಾಕ್ಯ ಕೆಳಗಿನ ಹಾಳೆಯ ಕೊನೆಯ ವಿನಂತಿಯಲ್ಲಿದೆ.

ಮಾನ್ಯ ಪಾಲಕರೇ,

ಒಂದು ತಿಂಗಳಿಂದ ನಿಮ್ಮ ಮಕ್ಕಳು ಹಾಡು, ಕೋಲಾಟ, ನಾಟಕ ಕಲಿಯುತ್ತಿದ್ದಾರೆ. ಅದನ್ನು ನಿಮಗೆ ತೋರಿಸುವ ದಿನ ಬಂದಿದೆ. 2026ರ ಫೆಬ್ರವರಿ 7, ಶನಿವಾರ ನಮ್ಮ ಶಾಲೆಯ ಅಂಗಳದಲ್ಲಿ ವಾರ್ಷಿಕ ಸ್ನೇಹ ಸಮ್ಮೇಳನ. ಮನೆಮಂದಿಯೆಲ್ಲ ಬನ್ನಿ.

ವೇಷ ಹಾಕುವ ಮಕ್ಕಳನ್ನು ಮಧ್ಯಾಹ್ನ 2.30ಕ್ಕೆ ಊಟ ಮಾಡಿಸಿ ಕಳುಹಿಸಿ.
ಸಂಜೆ 4.30: ಉದ್ಘಾಟನೆ, ಅತಿಥಿಗಳ ನುಡಿ, ಬಹುಮಾನ ವಿತರಣೆ
5.30: ಒಂದರಿಂದ ಮೂರನೆಯ ತರಗತಿಯ ಮಕ್ಕಳ ಕಾರ್ಯಕ್ರಮ
6.10: ನಾಲ್ಕರಿಂದ ಏಳನೆಯ ತರಗತಿಯ ಮಕ್ಕಳ ಕಾರ್ಯಕ್ರಮ
7.15: ರಾಷ್ಟ್ರಗೀತೆ, ನಂತರ ಚಹಾ ಮತ್ತು ಚುರುಮುರಿ

ಮೊದಲ ಸಾಲು ಅತಿಥಿಗಳಿಗೆ. ಎರಡನೆಯ ಮತ್ತು ಮೂರನೆಯ ಸಾಲು ಅಜ್ಜ ಅಜ್ಜಿಯರಿಗೆ, ಕೈಗೂಸಿನ ತಾಯಂದಿರಿಗೆ. ನಾಲ್ಕನೆಯ ಸಾಲಿನಿಂದ ಎಲ್ಲರೂ ಕುಳಿತುಕೊಳ್ಳಬಹುದು. ಕುರ್ಚಿಯ ಹಿಂದೆ ಜಮಖಾನವೂ ಹಾಸಿರುತ್ತದೆ.

ದಯವಿಟ್ಟು ನಮ್ಮ ಮೂರು ಮಾತು ನಡೆಸಿಕೊಡಿ. ಹಿಂದೆ ಕುಳಿತವರಿಗೂ ಮಕ್ಕಳು ಕಾಣಬೇಕಾದುದರಿಂದ, ಫೋಟೊ ತೆಗೆಯುವವರು ವೇದಿಕೆಯ ಎಡಬದಿಯ ಗೆರೆಯ ಒಳಗೆ ಬನ್ನಿ, ನಿಮ್ಮ ಮಗುವಿನ ಸರದಿ ಮುಗಿದ ಮೇಲೆ ಮುಂದಿನವರಿಗೆ ಜಾಗ ಬಿಡಿ. ಕತ್ತಲಲ್ಲಿ ಮಕ್ಕಳು ತಪ್ಪಬಾರದೆಂದು, ಮನೆಗೆ ಕರೆದೊಯ್ಯುವಾಗ ತರಗತಿಯ ಗುರುಮಾತೆಗೆ ಹೇಳಿ ಕರೆದೊಯ್ಯಿರಿ. ಮಕ್ಕಳ ಕುಣಿತ ಮೆಚ್ಚಿ ಕಾಣಿಕೆ ಕೊಡುವ ಮನಸ್ಸಾದರೆ ಬಾಗಿಲ ಬಳಿಯ ಮೇಜಿನಲ್ಲಿ ಕೊಡಿ, ಅದು ಎಲ್ಲ ಮಕ್ಕಳ ಪುಸ್ತಕಕ್ಕೆ ಸೇರುತ್ತದೆ. ವೇದಿಕೆಯ ಮೇಲಿನ ಮಗುವಿಗೆ ನಿಮ್ಮ ಚಪ್ಪಾಳೆ ಕೇಳಿಸಲಿ.

ನಿಮ್ಮ ದಾರಿ ಕಾಯುವ,
ಶಾಲೆಯ ಮಕ್ಕಳು, ಗುರುವೃಂದ ಮತ್ತು ಎಸ್‌ಡಿಎಂಸಿ ಸದಸ್ಯರು

ಮುದ್ರಣಕ್ಕೆ ಕೊಡುವ ಮೊದಲು ಒಂದು ಪರೀಕ್ಷೆ ಇದೆ. ಅನೇಕ ಮನೆಗಳಲ್ಲಿ ಈ ಹಾಳೆಯನ್ನು ಓದಿ ಹೇಳುವುದು ಮಗುವೇ. ಹಾಗಾಗಿ ನಾಲ್ಕನೆಯ ತರಗತಿಯ ಒಬ್ಬಳಿಂದ ಜೋರಾಗಿ ಓದಿಸಿದೆ. ಮೊದಲ ಕರಡಿನಲ್ಲಿದ್ದ “ವಿಜೃಂಭಣೆಯಿಂದ ಜರುಗಲಿರುವ” ಎಂಬಲ್ಲಿ ಅವಳು ಎರಡು ಸಲ ಎಡವಿದಳು, ಅದನ್ನು ಹೊಡೆದು ಹಾಕಿದೆ. ಕಾಗುಣಿತದಲ್ಲಿ ನಮ್ಮ ಕಡೆ ಹೆಚ್ಚು ತಪ್ಪುವುದು “ಆಹ್ವಾನ”. ಅದು “ಆವ್ಹಾನ” ಆಗಿ ಎಷ್ಟೋ ಬ್ಯಾನರುಗಳ ಮೇಲೆ ನಿಂತಿದೆ. “ಸಾನ್ನಿಧ್ಯ”ದಲ್ಲಿ ನಕಾರದ ಒತ್ತು, “ಉದ್ಘಾಟನೆ”ಯಲ್ಲಿ ಮಹಾಪ್ರಾಣ, ಇವೆರಡನ್ನೂ ನೋಡಿಕೊಳ್ಳಿ.

ಗದಗಿನ ಮುದ್ರಣಾಲಯದಿಂದ ಕರಡಚ್ಚು ಬಂದಾಗ ಇವೆಲ್ಲವನ್ನೂ ಮೂರು ಸಲ ನೋಡಿ ಸಹಿ ಮಾಡಲು ಪೆನ್ನು ತೆಗೆದಿದ್ದೆ. ಅದೇ ಹುಡುಗಿ ಪಕ್ಕದಲ್ಲಿ ನಿಂತು ಮತ್ತೊಮ್ಮೆ ಓದುತ್ತಿದ್ದಳು. “ಟೀಚರ್, ಇಲ್ಲಿ ಶುಕ್ರವಾರ ಎಂದು ಬರೆದಿದೆಯಲ್ಲ, ನಮ್ಮ ಕೋಲಾಟ ಶನಿವಾರವಲ್ಲವೇ?” ಎಂದಳು.