ಪ್ರಸಂಗದ ‘ಕರೆ’ ಅಂದರೆ ಸಾರಾಂಶವಲ್ಲ

ಚರ್ಚಿನಲ್ಲಿ ಪ್ರಸಂಗ ಮಾಡುವವರ ತರಬೇತಿಗೆಂದು ಹಂಚಿದ ಹಾಳೆಯೊಂದು ಮೊನ್ನೆ ಕೈಗೆ ಬಂತು. ಕೊನೆಯ ಸಾಲಿನಲ್ಲಿ ‘ಕರೆ: ಮೂರು ಅಂಶಗಳನ್ನು ಮತ್ತೊಮ್ಮೆ ನೆನಪಿಸುವುದು’ ಎಂದು ಬರೆದಿತ್ತು. ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ ಕಡೆಯ ಸಭೆಗಳಲ್ಲಿ ಈ ಮಾತನ್ನು ಹೀಗೇ ಬಳಸುವುದನ್ನು ಬಹಳ ಸಲ ಕೇಳಿದ್ದೇನೆ. ಅಯ್ಯನವರು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ ಮುಗಿಸುತ್ತಾರೆ. ಹೊರಗೆ ಬಂದವರು ‘ಇವತ್ತು ಒಳ್ಳೇ ಕರೆ ಕೊಟ್ರು’ ಅನ್ನುತ್ತಾರೆ. ಅಲ್ಲಿ ಕರೆ ಇರಲೇ ಇಲ್ಲ, ಸಾರಾಂಶ ಮಾತ್ರ ಇತ್ತು.

ದೇವರ ಈ ವಾಕ್ಯ ಕೇಳಿದ ಮೇಲೆ ನೀವು ಇನ್ನೇನು ಮಾಡಬೇಕು ಎಂದು ಕೇಳುಗರ ಮುಂದೆ ನೇರವಾಗಿ ಇಡುವ ಮಾತೇ ಕರೆ. ಅದಕ್ಕೆ ‘ಆಗಲಿ’ ಅನ್ನಬಹುದು, ‘ಆಗುವುದಿಲ್ಲ’ ಅನ್ನಬಹುದು. ಸಾರಾಂಶಕ್ಕೆ ಹಾಗೆ ಉತ್ತರ ಕೊಡೋಕೆ ಆಗಲ್ಲ. ‘ಹೌದು, ಹೀಗೆ ಹೇಳಿದ್ರಿ’ ಅಂತ ತಲೆ ಆಡಿಸಬಹುದು, ಅಷ್ಟೇ.

ಅಪೊಸ್ತಲರ ಕೃತ್ಯಗಳು 2ನೇ ಅಧ್ಯಾಯದಲ್ಲಿ ಪೇತ್ರ ಮಾಡಿದ ಪ್ರಸಂಗವನ್ನೇ ನೋಡಿ. ಯೋವೇಲನ ಪ್ರವಾದನೆ, ದಾವೀದನ ಕೀರ್ತನೆ, ಯೇಸುವಿನ ಮರಣ, ಪುನರುತ್ಥಾನ ಎಲ್ಲವೂ ಅದರಲ್ಲಿ ಬರುತ್ತದೆ. ಇಷ್ಟೆಲ್ಲ ಹೇಳಿದವನು ಅದನ್ನು ಕಟ್ಟುವುದು 36ನೇ ವಚನದ ಒಂದೇ ಮಾತಿನಲ್ಲಿ: ನೀವು ಶಿಲುಬೆಗೆ ಹಾಕಿಸಿದ ಈ ಯೇಸುವನ್ನೇ ದೇವರು ಕರ್ತನನ್ನಾಗಿಯೂ ಕ್ರಿಸ್ತನನ್ನಾಗಿಯೂ ಮಾಡಿದ್ದಾನೆ. ಜನರ ಎದೆಗೆ ಅದು ನಾಟುತ್ತದೆ. ‘ನಾವೇನು ಮಾಡಬೇಕು?’ ಎಂದು ಅವರೇ ಕೇಳುತ್ತಾರೆ. ಆಗ ಪೇತ್ರ ಯೋವೇಲನಿಂದ ಮತ್ತೆ ಶುರು ಮಾಡುವುದಿಲ್ಲ. ಮಾನಸಾಂತರಪಡಿರಿ, ದೀಕ್ಷಾಸ್ನಾನ ಮಾಡಿಸಿಕೊಳ್ಳಿರಿ ಅನ್ನುತ್ತಾನೆ. ಅದರ ಬೆನ್ನಿಗೇ ಪಾಪಕ್ಷಮೆಯ ಮತ್ತು ಪವಿತ್ರಾತ್ಮ ವರದ ವಾಗ್ದಾನ ಕೊಡುತ್ತಾನೆ. ಈ ಎರಡನೇ ಭಾಗವನ್ನು ಬಹಳ ಜನ ಮರೆಯುತ್ತಾರೆ. ದೇವರು ಏನು ಕೊಡುತ್ತಾನೆ ಅನ್ನೋದನ್ನು ಹೇಳದೆ ಬರೀ ‘ಮಾಡಿ, ಮಾಡಿ’ ಅಂದರೆ ಕೇಳುಗರ ಹೆಗಲಿಗೆ ಇನ್ನೊಂದು ಹೊರೆ ಏರಿಸಿದಂತೆ.

ಲೂಕ 3ರಲ್ಲಿ ಸ್ನಾನಿಕನಾದ ಯೋಹಾನನಿಗೂ ಜನ ಇದೇ ಪ್ರಶ್ನೆ ಕೇಳುತ್ತಾರೆ. ಅವನ ಉತ್ತರ ಎಲ್ಲರಿಗೂ ಒಂದೇ ಅಲ್ಲ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ. ಸುಂಕದವರು ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬಾರದು. ಸಿಪಾಯಿಗಳು ಹೆದರಿಸಿ ಹಣ ಕೀಳಬಾರದು. ಯಾರ ಕೈ ಎಲ್ಲಿ ತಪ್ಪು ಮಾಡುತ್ತದೋ ಅಲ್ಲಿಗೇ ಬೆರಳಿಡುತ್ತಾನೆ.

ಹಾಗಾದರೆ ಸಾರಾಂಶ ಎಲ್ಲಿಂದ ಬಂತು? ಹಳೆಯ ಗ್ರೀಕ್, ರೋಮನ್ ಭಾಷಣಕಲೆಯಲ್ಲಿ ಮುಕ್ತಾಯಕ್ಕೆ ಎರಡು ಕೆಲಸ ಇದ್ದವು. ಒಂದು, ಹೇಳಿದ್ದನ್ನು ನೆನಪಿಸುವುದು. ಇನ್ನೊಂದು, ಕೇಳುಗರ ಮನಸ್ಸನ್ನು ತೀರ್ಮಾನದ ಕಡೆಗೆ ತಿರುಗಿಸುವುದು. ದೀರ್ಘ ವಾದ ಕೇಳಿ ತೀರ್ಪು ಕೊಡಬೇಕಾದ ನ್ಯಾಯಾಲಯದಲ್ಲಿ ಮೊದಲನೆಯದೂ ಬೇಕಿತ್ತು. ನಮ್ಮಲ್ಲಿ ಮೊದಲನೆಯದು ಉಳಿದು ಎರಡನೆಯದು ಸವೆದುಹೋಗಿದೆ. ಬೋಧಕನಿಗೆ ಕಲಿಸುವುದು, ಹಿತವಾಗಿ ಕೇಳಿಸುವುದು, ಮನಸ್ಸನ್ನು ಅಲುಗಿಸುವುದು ಎಂಬ ಮೂರು ಕೆಲಸಗಳಿವೆ ಎಂದ ಅಗಸ್ಟೀನ್ ಈ ವಿಷಯದಲ್ಲಿ ಸ್ಪಷ್ಟವಾಗಿದ್ದ. ಗೊತ್ತಿಲ್ಲದವರಿಗೆ ಕಲಿಸಬೇಕು. ಏನು ಮಾಡಬೇಕೆಂದು ಗೊತ್ತಿದ್ದೂ ಮಾಡದವರನ್ನು ಅಲುಗಿಸಬೇಕು. ಅಂಥವರಿಗೆ ಗೊತ್ತಿರುವುದನ್ನೇ ಮತ್ತೆ ಹೇಳಿದರೆ ಅವರು ಕೂತಲ್ಲೇ ಕೂತಿರುತ್ತಾರೆ. ಸತ್ಯವೇದ ಅಧ್ಯಯನದ ಕೊನೆಯಲ್ಲಿ ಸಾರಾಂಶ ಇರಲಿ. ಪ್ರಸಂಗದಲ್ಲಿ ಅದಕ್ಕೆ ಪೇತ್ರನಂತೆ ಒಂದು ವಾಕ್ಯ ಸಾಕು.

ಇನ್ನು ಕೆಲವರು ಕರೆ ಅಂದರೆ ಕೈ ಎತ್ತಿಸುವುದು, ಮುಂದೆ ಬರಹೇಳುವುದು ಅಂದುಕೊಂಡಿದ್ದಾರೆ. ಅದು 19ನೇ ಶತಮಾನದ ಅಮೆರಿಕದ ಉಜ್ಜೀವನ ಕೂಟಗಳಲ್ಲಿ, ಮುಖ್ಯವಾಗಿ 1830ರ ದಶಕದಲ್ಲಿ ಚಾರ್ಲ್ಸ್ ಫಿನ್ನಿಯಂಥ ಬೋಧಕರಿಂದ, ಬಲವಾದ ಪದ್ಧತಿ. ಕರೆಗೆ ಅದೂ ಒಂದು ರೂಪ. ಕಥೋಲಿಕರ ಪೂಜೆಯಲ್ಲಿ ಪ್ರಬೋಧನೆಯ ನಂತರ ಸ್ವಲ್ಪ ಹೊತ್ತು ಮೌನವಾಗಿರಬೇಕೆಂಬ ಸೂಚನೆ ಇದೆ. ಭಾನುವಾರ ಅದಾದ ಮೇಲೆ ವಿಶ್ವಾಸಪ್ರಮಾಣ ಬರುತ್ತದೆ. ಅಲ್ಲಿ ಯಾರೂ ಎದ್ದು ಮುಂದೆ ಬರುವುದಿಲ್ಲ, ಆದರೂ ಉತ್ತರ ಕೊಡಲು ಜಾಗ ಇದೆ.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ತೀರ್ಥಹಳ್ಳಿ ಕಡೆಯ ಒಂದು ಸಭೆ, ಅಡಿಕೆ ಕೊಯ್ಲಿನ ಕಾಲ. ವಾಕ್ಯ ಯಾಕೋಬ 5:4. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಎಂಬ ಮಾತು. ಸಭೆಯಲ್ಲಿ ತೋಟ ಇರುವವರು ಇದ್ದಾರೆ. ರಾತ್ರಿಯೆಲ್ಲ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿದ ಹೆಂಗಸರೂ ಇದ್ದಾರೆ. ಬೋಧಕರು ಚೆನ್ನಾಗಿಯೇ ವಿವರಿಸಿದರು ಅಂತಿಟ್ಟುಕೊಳ್ಳಿ. ಈಗ ಮುಕ್ತಾಯ ಹೀಗೆ ಬರುತ್ತದೆ: ‘ಹಾಗಾದರೆ ನಾವು ಕಲಿತದ್ದೇನು? ದೇವರು ನ್ಯಾಯವಂತನು. ದೇವರು ಬಡವರ ಕೂಗನ್ನು ಕೇಳುತ್ತಾನೆ. ನಾವು ನ್ಯಾಯದಿಂದ ನಡೆಯೋಣ.’ ತೋಟದ ಯಜಮಾನರು ಆಮೆನ್ ಅಂದು ನಿರಾಳವಾಗಿ ಮನೆಗೆ ಹೋಗಬಹುದು. ‘ನಡೆಯೋಣ’ದಲ್ಲಿ ಎಲ್ಲರೂ ಇದ್ದಾರೆ, ಹಾಗಾಗಿ ಯಾರಿಗೂ ಅದು ತನಗೇ ಹೇಳಿದ ಮಾತು ಅನ್ನಿಸುವುದಿಲ್ಲ. ಯಾವಾಗ ಅನ್ನೋದೂ ಇಲ್ಲ.

ಧರ್ಮೋಪದೇಶಕಾಂಡ 24:15ರಲ್ಲಿ ಗಡುವೇ ಇದೆ: ಕೂಲಿಯನ್ನು ಅದೇ ದಿನ, ಸೂರ್ಯ ಮುಳುಗುವ ಮೊದಲು ಕೊಡಬೇಕು. ಅದನ್ನು ಹಿಡಿದು ಮುಕ್ತಾಯವನ್ನು ಹೀಗೆ ಮಾಡಬಹುದು:

‘ಆ ಕೂಗು ದೇವರಿಗೆ ಕೇಳಿಸಿದೆ. ನಿಮ್ಮಲ್ಲಿ ಯಾರು ಸುಲಿದವರ ಕೂಲಿಯನ್ನು, ಮಂಡಿಯಿಂದ ದುಡ್ಡು ಬಂದ ಮೇಲೆ ಕೊಡ್ತೀನಿ ಅಂತ ಇಟ್ಟುಕೊಂಡಿದ್ದೀರೋ, ಇವತ್ತು ಕತ್ತಲಾಗುವ ಮೊದಲು ಅವರ ಮನೆಗೆ ಹೋಗಿ ಕೊಟ್ಟು ಬನ್ನಿ. ಕೈಯಲ್ಲಿ ಪೂರ್ತಿ ಇಲ್ಲದಿದ್ದರೆ ಇದ್ದಷ್ಟು ಕೊಟ್ಟು, ಉಳಿದದ್ದಕ್ಕೆ ದಿನ ಹೇಳಿ, ತಡವಾಯಿತು ಅಂತ ಕ್ಷಮೆ ಕೇಳಿ. ಹೀಗೆ ತಿರುಗಿಕೊಂಡವರನ್ನು ಕ್ರಿಸ್ತನು ತಳ್ಳಿಬಿಡುವುದಿಲ್ಲ. ಆತನು ಕ್ಷಮಿಸುತ್ತಾನೆ.’

ಇದಕ್ಕೆ ಒಂದೆರಡು ನಿಮಿಷ ಸಾಕು. ಯಾರು, ಏನು, ಯಾವಾಗ, ಎಲ್ಲವೂ ಇದೆ. ಎಲ್ಲವೂ ವಾಕ್ಯದಿಂದಲೇ ಬಂದಿದೆ. ಯಾಕೋಬ 5ನ್ನು ಬೋಧಿಸಿ ಕೊನೆಗೆ ‘ಪ್ರತಿದಿನ ಬೆಳಿಗ್ಗೆ ಎದ್ದು ಪ್ರಾರ್ಥಿಸಿ’ ಅಂದರೆ ಅದು ಒಳ್ಳೆಯ ಮಾತೇ, ಆದರೆ ಆ ವಾಕ್ಯದ ಕರೆ ಅಲ್ಲ.

ಈ ಮುಕ್ತಾಯವನ್ನು ಕೆಡಿಸುವುದು ಸಾಮಾನ್ಯವಾಗಿ ಅದರ ನಂತರದ ಮಾತು. ಕರೆ ಕೊಟ್ಟ ಮೇಲೆ ‘ಕಡೆಯದಾಗಿ ಇನ್ನೊಂದು ಮಾತು’ ಅಂತ ಮತ್ತೊಂದು ಕಥೆ ಶುರುವಾಗುತ್ತದೆ. ಇಲ್ಲವೇ ಮುಕ್ತಾಯದ ಪ್ರಾರ್ಥನೆಯಲ್ಲೇ ಮೂರೂ ಅಂಶಗಳು ‘ಕರ್ತನೇ, ಮೊದಲನೆಯದಾಗಿ’ ಅಂತ ಮತ್ತೆ ಬರುತ್ತವೆ. ಪ್ರಾರ್ಥನೆ ದೇವರ ಜೊತೆ ಮಾತಾಡಲು ಇರುವುದು, ಜನರಿಗೆ ಪಾಠ ಒಪ್ಪಿಸಲು ಅಲ್ಲ. ಕರೆ ಕೊಟ್ಟ ಮೇಲೆ ಒಂದು ನಿಮಿಷ ಸುಮ್ನೆ ಇರಿ. ಆಮೇಲೆ ಚಿಕ್ಕ ಪ್ರಾರ್ಥನೆ, ಹಾಡು.

ಕರೆಯ ಆ ವಾಕ್ಯವನ್ನು ಪ್ರಸಂಗ ಬರೆಯುವ ಮೊದಲೇ ಹಾಳೆಯ ತಲೆಯಲ್ಲಿ ಬರೆದುಕೊಳ್ಳಿ. ಅದು ಬರೆಯಲು ಬರದಿದ್ದರೆ ದೇವರ ವಾಕ್ಯ ಇನ್ನೂ ಅರ್ಥವಾಗಿಲ್ಲ ಎಂದೇ ತಿಳಿಯಬೇಕು. ಭಾನುವಾರ ಬಾಗಿಲಲ್ಲಿ ಒಬ್ಬರನ್ನು ‘ಇವತ್ತು ನಿಮ್ಮನ್ನು ಏನು ಮಾಡಲು ಕೇಳಿದ್ದು?’ ಅಂತ ವಿಚಾರಿಸಿ. ಅವರು ವಿಷಯದ ಹೆಸರು ಹೇಳಿದರೆ ಮುಟ್ಟಿದ್ದು ಸಾರಾಂಶ. ಕೆಲಸ ಹೇಳಿದರೆ ಮುಟ್ಟಿದ್ದು ಕರೆ.

ಇನ್ನೊಂದು ಕಡೆ ಎಚ್ಚರ ಬೇಕು. ಅದೇ ಸಭೆಯಲ್ಲಿ ಕೂಲಿ ಬಾಕಿ ಇರುವ ಹೆಂಗಸೂ ಕೂತಿದ್ದಾಳಲ್ವಾ? ಯಜಮಾನರಿಗೆ ಹೇಳಿದ ಕರೆ ಅವಳದಲ್ಲ. ಅವಳಿಗೆ ಅವಸರದಲ್ಲಿ ‘ತಾಳ್ಮೆಯಿಂದಿರಿ’ ಅಂದರೆ ಅವಳ ಬಾಯಿ ಮುಚ್ಚಿಸಿದಂತಾಗುತ್ತದೆ. ವಾಕ್ಯ ಅವಳಿಗೆ ಮೊದಲು ಹೇಳುವುದು ನಿನ್ನ ಕೂಗು ಕೇಳಿಸಿದೆ ಎಂದು. ಹಾಗಾಗಿ ಯಜಮಾನರ ಕಡೆ ತಿರುಗುವ ಮೊದಲು ಅವಳ ಕಡೆ ತಿರುಗಿ ಅದನ್ನು ಹೇಳಬೇಕು: ‘ಅಮ್ಮಾ, ನಿಮಗೆ ಬರಬೇಕಾದ್ದನ್ನು ಕೇಳಲು ಹೆದರಬೇಡಿ. ಒಬ್ಬರೇ ಹೋಗೋಕೆ ಸಂಕೋಚ ಆದರೆ ಸಭೆಯಿಂದ ನಾವು ಜೊತೆಗೆ ಬರುತ್ತೇವೆ.’ ಹಾಗೆ ಹೇಳುವ ಬೋಧಕರು ಜೊತೆಗೆ ಹೋಗಲು ತಯಾರಿರಬೇಕು.