ಪಾಡ್‌ಕಾಸ್ಟ್‌ನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿದರೆ ಯಾವ ಕ್ಯಾಮೆರಾ ಇಡಬೇಕು?

ಪ್ರಶ್ನೆ: ನಾನು ಮತ್ತು ಅತಿಥಿ ಎದುರುಬದುರು ಕೂತು ಮಾತಾಡುವ ವಿಡಿಯೋ ಮಾಡುತ್ತೇವೆ. ಮಾತಿನ ಮೇಲೆ ಮಾತು ಬಿದ್ದ ಕಡೆ ಏನೂ ಅರ್ಥವಾಗುವುದಿಲ್ಲ. ಎಡಿಟಿಂಗ್‌ನಲ್ಲಿ ಏನು ಮಾಡಬೇಕು?

ಉತ್ತರ: ಕ್ಯಾಮೆರಾಗಿಂತ ಮೊದಲು ಮೈಕ್ ನೋಡಿ. ಇಬ್ಬರಿಗೂ ಬೇರೆ ಬೇರೆ ಮೈಕ್, ಬೇರೆ ಬೇರೆ ಟ್ರ್ಯಾಕ್ ಇರಲೇಬೇಕು. ಮೈಕ್ ಬಾಯಿಂದ ಅರ್ಧ ಅಡಿ ದೂರದಲ್ಲಿದ್ದರೆ, ಎರಡು ಮೈಕ್‌ಗಳ ನಡುವೆ ಒಂದೂವರೆ ಅಡಿಯಾದರೂ ಬಿಡಿ. ಅತಿಥಿಯ ಟ್ರ್ಯಾಕ್ ಒಂದನ್ನೇ ಹಾಕಿ ಕೇಳಿ. ಅದರಲ್ಲಿ ನಿಮ್ಮ ಧ್ವನಿಯೂ ಜೋರಾಗಿ ಕೇಳಿಸಿದರೆ, ನಿಮ್ಮ ಟ್ರ್ಯಾಕ್ ಮ್ಯೂಟ್ ಮಾಡಿ ಪ್ರಯೋಜನವಿಲ್ಲ.

ಒಂದು ಉದಾಹರಣೆ ನೋಡೋಣ. ಅಡಿಕೆ ಬೆಳೆಗಾರರೊಬ್ಬರ ಜೊತೆ ಕೊಳೆರೋಗದ ಬಗ್ಗೆ ಮಾತು. ಅವರು ಹೇಳುತ್ತಿದ್ದಾರೆ: "ಮಳೆ ಹಿಡಿಯೋಕೆ ಮುಂಚೆ ಒಂದ್ಸಲ ಬೋರ್ಡೋ ದ್ರಾವಣ ಹೊಡೀಬೇಕು, ಆಮೇಲೆ ನಲವತ್ತು ನಲವತ್ತೈದು ದಿನಕ್ಕೆ..." ನಡುವೆ ನಿಮ್ಮ "ಹೌದು, ಹೌದು". ಈ ಹೂಂಗುಟ್ಟುವಿಕೆ ಬೇಡ. ನಿಮ್ಮ ಟ್ರ್ಯಾಕ್‌ನಲ್ಲಿ ಅಷ್ಟನ್ನು ಮ್ಯೂಟ್ ಮಾಡಿ, ಪರದೆಯಲ್ಲಿ ಅತಿಥಿಯ ಕ್ಲೋಸಪ್ ಇಡಿ. ಇಬ್ಬರೂ ಕಾಣುವ ವೈಡ್ ಶಾಟ್ ಹಾಕಿದರೆ ನಿಮ್ಮ ತುಟಿ ಆಡುವುದು ಕಾಣುತ್ತದೆ, ಧ್ವನಿ ಬರುವುದಿಲ್ಲ. ನೋಡುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಈಗ ನೀವು ನಡುವೆ ನುಗ್ಗಿ, "ಆ ಹೊತ್ತಿಗೆ ಜೋರು ಮಳೆ ಇರುತ್ತಲ್ವಾ?" ಅಂದಿರಿ. ಅವರು ಮಾತು ನಿಲ್ಲಿಸಲಿಲ್ಲ. ಇಲ್ಲಿ ಇಬ್ಬರ ಮಾತೂ ಬೇಕು. ಮಾತು ಡಿಕ್ಕಿ ಹೊಡೆಯುವ ಸ್ವಲ್ಪ ಮುಂಚೆಯೇ ವೈಡ್‌ಗೆ ಬನ್ನಿ, ಒಬ್ಬರು ಸುಮ್ಮನಾಗುವ ತನಕ ಅಲ್ಲೇ ಇರಿ. ಆಮೇಲೆ ಮಾತು ಮುಂದುವರಿಸಿದವರ ಕ್ಲೋಸಪ್. ಪದಪದಕ್ಕೂ ಕ್ಯಾಮೆರಾ ಬದಲಾಯಿಸಿದರೆ ನೋಡುವವರಿಗೆ ತಲೆ ತಿರುಗುತ್ತದೆ.

ಆದರೆ "ನಲವತ್ತೈದು ದಿನ" ಅನ್ನುವ ಮಾತೇ ಮುಚ್ಚಿಹೋಗಿದ್ದರೆ ಎಡಿಟಿಂಗ್‌ನಲ್ಲಿ ಸರಿಮಾಡಲು ಕಷ್ಟ. ಅದನ್ನು ಶೂಟಿಂಗ್‌ನಲ್ಲೇ ಹಿಡಿಯಬೇಕು. ಕೈ ಎತ್ತಿ, ಒಂದೆರಡು ಸೆಕೆಂಡ್ ಸುಮ್ಮನಿದ್ದು, "ಎರಡನೇ ಸ್ಪ್ರೇ ಯಾವಾಗ ಅಂದ್ರಿ?" ಎಂದು ಮತ್ತೆ ಕೇಳಿ. ಅವರು ಆ ವಾಕ್ಯವನ್ನು ಮೊದಲಿಂದ ಹೇಳಲಿ. ಆ ಮೌನ ಇದ್ದರೆ ಕತ್ತರಿಸುವುದೂ ಸಲೀಸು.

ಇದಕ್ಕೇ ವಿಷಯಪಟ್ಟಿ ಬೇಕಾಗುವುದು. ಪ್ರಶ್ನೆಗಳನ್ನು ಪೂರ್ತಿ ಬರೆಯಬೇಡಿ, ಓದಿದ ಹಾಗೆ ಕೇಳಿಸುತ್ತದೆ. "ಲಕ್ಷಣ", "ಮೊದಲ ಸ್ಪ್ರೇ", "ಎರಡನೇ ಸ್ಪ್ರೇ", "ಖರ್ಚು" ಅಂತ ಎಡಗಡೆ ಬರೆಯಿರಿ. ಬಲಗಡೆ ಕ್ಯಾಮೆರಾ ಸೂಚನೆ: ಲಕ್ಷಣ ಹೇಳುವಾಗ ರೋಗ ಬಿದ್ದ ಕಾಯಿ ಕೈಯಲ್ಲಿ ಹಿಡಿದರೆ ಕ್ಲೋಸಪ್, ಖರ್ಚಿನ ಮಾತಿಗೆ ವೈಡ್, ಯಾಕಂದ್ರೆ ವಾದ ಏಳುವುದು ಅಲ್ಲೇ ಜಾಸ್ತಿ. ಮಾತು ಡಿಕ್ಕಿಯಾದ ಕಡೆ ಅದೇ ಹಾಳೆಯಲ್ಲಿ ರೆಕಾರ್ಡರ್‌ನ ಸಮಯ ಬರೆದುಕೊಳ್ಳಿ. ಶುರುವಿನಲ್ಲಿ ಎಲ್ಲ ಕ್ಯಾಮೆರಾ, ರೆಕಾರ್ಡರ್ ಓಡುವಾಗ ಒಂದು ಚಪ್ಪಾಳೆ ಹೊಡೆದಿದ್ದರೆ, ಆ ಸದ್ದು ಹಿಡಿದು ಟ್ರ್ಯಾಕ್‌ಗಳನ್ನು ಹೊಂದಿಸಿ ನೇರವಾಗಿ ಆ ಜಾಗಕ್ಕೆ ಹೋಗಬಹುದು.

ಇಬ್ಬರೂ ಒಟ್ಟಿಗೆ ನಕ್ಕ ಕಡೆ ಮಾತ್ರ ಏನನ್ನೂ ಮ್ಯೂಟ್ ಮಾಡಬೇಡಿ. ವೈಡ್ ಇಟ್ಟು ಹಾಗೇ ಬಿಡಿ.